ಸುರಾಹಿಯ ಬಲಮಗ್ಗುಲು

ನನಗೆ ಫೋಟೋ ತಿದ್ದಲು ಬರುತ್ತದೆ ಎಂಬ ಸುದ್ದಿ ಕಲಬುರಗಿಯ ಮೋಮಿನಪುರದಲ್ಲಿ ಹಬ್ಬಲು ನಾನೇ ಕಾರಣ. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಹುಡುಗನ ಫೋಟೋದಲ್ಲಿ ಬೆನ್ನ ಹಿಂದಿದ್ದ ಗೋಡೆಯನ್ನು ಬಿಳಿ ಮಾಡಿಕೊಟ್ಟಿದ್ದೆ. ನನ್ನ ವಿದ್ಯೆ ಅಲ್ಲಿಗೆ ಮುಗಿದಿತ್ತು. ಆದರೆ ಅವನ ತಾಯಿ ಬಿರಿಯಾನಿ ಕಳಿಸಿದರು. ಬಿರಿಯಾನಿ ಉಂಡವನು ತನಗೆ ಬರುವುದಿಲ್ಲ ಎಂದು ಹೇಳುವುದಾದರೂ ಹೇಗೆ?

ಹೀಗಾಗಿ ಗಲ್ಲಿಯ ತಿರುವಿನ ಅಂಗಡಿಯ ಚಾಚಾ ಒಂದು ಸಂಜೆ ಮೊಬೈಲು ಹಿಡಿದು ಮೆಟ್ಟಿಲೇರಿ ಬಂದರು. ಚಾಚಾ ಬೀದರಿನಿಂದ ಬಿದರಿ ಸಾಮಾನು ತಂದು ಮಾರುತ್ತಾರೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದ ಮೇಲೆ, ಇನ್ನು ಆನ್‌ಲೈನಿನಲ್ಲೂ ಮಾರಬೇಕು ಎಂಬ ಹುಮ್ಮಸ್ಸು ಅವರಿಗೆ ಹತ್ತಿತ್ತು. ಫೋಟೋದಲ್ಲಿ ಕಪ್ಪು ಮೈಯ, ಬೆಳ್ಳಿ ಬಳ್ಳಿಯ ಒಂದು ಚೆಂದದ ಸುರಾಹಿ. ಅದರ ಹೊಟ್ಟೆಯ ಬಲಮಗ್ಗುಲನ್ನು, ಕಳ್ಳನ ಕೊರಳಪಟ್ಟಿ ಹಿಡಿದ ಪೊಲೀಸಿನವನಂತೆ, ನಾಲ್ಕು ಬೆರಳು ಗಟ್ಟಿಯಾಗಿ ಹಿಡಿದಿದ್ದವು.

"ಸರ್, ಇದರಾಗಿನ ಕೈ ತೆಗೀಬೇಕು ನೋಡ್ರಿ. ಬರೇ ಸುರಾಹಿ ಕಾಣಬೇಕು."

"ಇನ್ನೊಂದು ಫೋಟೋ ತೆಗೆದ್ರೆ ಮುಗೀತಲ್ಲ ಚಾಚಾ?"

"ಸುರಾಹಿ ಎಲ್ಲದರೀ? ಅದು ಲಗ್ನದಾಗ ಹೈದರಾಬಾದಿಗಿ ಹೋಗಿಬಿಟ್ಟದ. ಫೋಟೋ ಇದೊಂದೇ ಉಳದದ."

ಆ ಆನ್‌ಲೈನ್ ಅಂಗಡಿಯ ನಿಯಮಗಳನ್ನೂ ಚಾಚಾ ತಂದಿದ್ದರು. ಮೊದಲ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು. ಕೆಂಪು, ಹಸಿರು, ನೀಲಿ ಮೂರೂ 255. ಚೌಕಟ್ಟಿನ ನೂರಕ್ಕೆ 85 ಪಾಲು ವಸ್ತುವೇ ತುಂಬಿರಬೇಕು. ಕೈ ಕಾಲು ಯಾವುದೂ ಕಾಣಬಾರದು. ಮನುಷ್ಯರ ಕೈಯಿಂದಾದ ವಸ್ತು ಬೇಕು, ಕೈ ಮಾತ್ರ ಬೇಡ! ನಾನು ಗಂಭೀರವಾಗಿ ತಲೆದೂಗಿ, "ನಾಳೆ ಸಂಜೆ ಬರ್ರಿ" ಎಂದೆ.

ನಾಳೆ ಸಂಜೆ ಬಂತು, ಹೋಯಿತು. ಯೂಟ್ಯೂಬಿನಲ್ಲಿ ಎರಡು ನಿಮಿಷದಲ್ಲಿ ಕೈ ಮಾಯ ಮಾಡುವವರ ಮೇಲೆ ನನಗೀಗಲೂ ಸಿಟ್ಟಿದೆ. ಅವರು ಅಳಿಸುವುದು ಯಾವಾಗಲೂ ಬೋಳು ಗೋಡೆಯ ಮುಂದಿನ ಕೈಯನ್ನು. ಗೋಡೆಯ ಮುಂದಿನ ಕೈಯನ್ನು ನಮ್ಮ ಬೆಕ್ಕೂ ಅಳಿಸೀತು. ಕೈ ತೆಗೆಯುವುದು ಕಷ್ಟವೇ ಅಲ್ಲ, ತೆಗೆದ ಮೇಲೆ ಅಲ್ಲೊಂದು ತೂತು ಉಳಿಯುತ್ತದಲ್ಲ, ಕಷ್ಟವಿರುವುದು ಅಲ್ಲಿ. ಬೆರಳಿನ ಹಿಂದೆ ಏನಿತ್ತು ಎಂಬುದು ಫೋಟೋಕ್ಕೆ ಗೊತ್ತಿಲ್ಲ. ಕ್ಲೋನ್ ಮಾಡುವ ಉಪಕರಣ ಅದೇ ಚಿತ್ರದ ಇನ್ನೊಂದು ಜಾಗದಿಂದ ಎತ್ತಿ ತಂದು ಇಲ್ಲಿ ಅಂಟಿಸುತ್ತದೆ, ಅಷ್ಟೇ. ಇಲ್ಲದ್ದನ್ನು ಎಲ್ಲಿಂದ ತಂದೀತು?

ಜಿಂಪ್‌ನಲ್ಲಿ ಚಿತ್ರ ತೆರೆದು ಮೊದಲು ಚರ್ಮದ ಬಣ್ಣದ ಮೇಲೆ ಕ್ಲಿಕ್ಕಿಸಿದೆ. ಆ ಬಣ್ಣಕ್ಕೆ ಹತ್ತಿರದ್ದನ್ನೆಲ್ಲ ಒಟ್ಟಿಗೆ ಹಿಡಿದುಕೊಡುವ ಸೌಲಭ್ಯ ಅದರಲ್ಲಿದೆ. ನಾಲ್ಕೂ ಬೆರಳು ಬಲೆಗೆ ಬಿದ್ದವು. ಒಂದು ಗುಂಡಿ ಒತ್ತಿದೆ, ಬೆರಳು ಮಾಯ! ಹೆಂಡತಿಯನ್ನು ಕರೆದು ತೋರಿಸಿದೆ. "ಕೈ ಹೋಯಿತು, ಸುರಾಹಿಯೂ ಅರ್ಧ ಹೋಯಿತಲ್ಲ" ಎಂದು ಒಳಗೆ ಹೋದಳು.

ಸುರಾಹಿ ತಿಗರಿಯ ಮೇಲಿನ ಮಡಕೆಯಂತೆ ದುಂಡಗಿನದು. ಎಡ ಹೇಗೋ ಬಲ ಹಾಗೆ. ಕೈಯಲ್ಲಿ ಹಿಡಿದದ್ದರಿಂದ ತುಸು ವಾಲಿತ್ತು. ಅದನ್ನು ನೆಟ್ಟಗೆ ತಿರುಗಿಸಿ, ಬಾಯಿಯ ನಡುವಿನಿಂದ ಪಾದದ ನಡುವಿಗೆ ಒಂದು ಗೆರೆ ಎಳೆದು, ಎಡ ಅರ್ಧವನ್ನು ನಕಲು ಮಾಡಿ, ಕನ್ನಡಿಯಲ್ಲಿಟ್ಟಂತೆ ಮಗುಚಿ ಬಲಕ್ಕೆ ಕೂರಿಸಿದೆ. ಅಂಚಿನ ಗೆರೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು.

ಕೂತದ್ದು ಅಂಚು ಮಾತ್ರ. ಬೆಳಕು ಬಂದದ್ದು ಎಡಗಡೆಯ ಕಿಟಕಿಯಿಂದ. ಈಗ ಎರಡೂ ಕೆನ್ನೆ ಫಳಫಳ. ಕಲಬುರಗಿಯ ಮೇ ತಿಂಗಳಿಗೆ ಒಬ್ಬ ಸೂರ್ಯನೇ ಹೆಚ್ಚು, ನನ್ನ ಸುರಾಹಿಗೆ ಇಬ್ಬರು. ಬಲಕ್ಕೆ ಮೆಲ್ಲಮೆಲ್ಲಗೆ ಕಪ್ಪು ಏರಿಸಿ ಒಬ್ಬನನ್ನು ಮುಳುಗಿಸಿದೆ. ಆಮೇಲೆ ಬಳ್ಳಿ ಕಣ್ಣಿಗೆ ಬಿತ್ತು. ಅದು ಸುರಾಹಿಯ ಸುತ್ತ ಒಂದೇ ದಿಕ್ಕಿಗೆ ಹಬ್ಬುವ ಬಳ್ಳಿ. ಮಗುಚಿದ್ದರಿಂದ ಬಲದ ಬಳ್ಳಿ ಹಿಂದಕ್ಕೆ ಹೊರಟು, ನಡುಹೊಟ್ಟೆಯಲ್ಲಿ ಎರಡೂ ಮುಖಾಮುಖಿಯಾಗಿ, ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರಂತೆ ಒಬ್ಬರನ್ನೊಬ್ಬರು ದುರುಗುಟ್ಟುತ್ತಿದ್ದವು.

ಆದ್ದರಿಂದ ಅಂಚಿಗೆ ಕನ್ನಡಿ, ಬಳ್ಳಿಗೆ ಮಾತ್ರ ಎಡದಿಂದ ಒಂದೊಂದೇ ಎಲೆ ಕಿತ್ತು ಬಲಕ್ಕೆ ನೆಡುವುದು ಎಂದಾಯಿತು. ಹಾಗೇ ನೆಟ್ಟರೆ ಸುರಾಹಿ ಚಪಾತಿಯಂತೆ ಚಪ್ಪಟೆ ಕಾಣುತ್ತದೆ. ದುಂಡು ಮೈಯ ಮೇಲೆ ಎಲೆ ಅಂಚಿಗೆ ಹೋದಂತೆಲ್ಲ ಕಿರಿದಾಗಬೇಕು. ಪಿಯುಸಿಯಲ್ಲಿ ನನ್ನನ್ನು ಕಾಡಿದ ಕೊಸೈನು ನಲವತ್ತು ವರ್ಷದ ಮೇಲೆ ಇಲ್ಲಿ ಎದುರಾಯಿತು. ಫೋಟೋದಲ್ಲಿ ಹೊಟ್ಟೆಯ ಅಗಲ 900 ಪಿಕ್ಸೆಲ್, ನಟ್ಟನಡುವಿನ ಎಲೆ 80. ಅದೇ ಎಲೆ 60 ಡಿಗ್ರಿ ಪಕ್ಕಕ್ಕೆ ಸರಿದರೆ ನಡುಗೆರೆಯಿಂದ ಸುಮಾರು 390 ಪಿಕ್ಸೆಲ್ ದೂರದಲ್ಲಿ ಕೂರುತ್ತದೆ. ಅಗಲ ಅರ್ಧಕ್ಕರ್ಧ ಕುಗ್ಗಿ 40. ಎತ್ತರ ಮಾತ್ರ ಹಾಗೇ ಇರಬೇಕು. ಒಂದೊಂದು ಎಲೆಯನ್ನೂ ಹೀಗೆ ಹಿಂಡಿ ಹಿಂಡಿ ಕೂರಿಸಿದೆ. ಬೆರಳಿನ ನೆರಳೊಂದು ಉಳಿದುಬಿಟ್ಟಿತ್ತು. ಬೆಳ್ಳಿ ಎಳೆಗಳಲ್ಲಿ ಚರ್ಮದ ಕೆಂಪು ಹೊಳೆಯುತ್ತಿತ್ತು. ಅವನ್ನೂ ಒರೆಸಿದೆ. ಅಂಚಿನ ಹತ್ತಿರ ಹೀಲ್ ಉಪಕರಣ ಆಡಿಸಿದರೆ ಅದು ಆಚೆಯ ಬಿಳಿಯನ್ನೂ ಈಚೆಯ ಕಪ್ಪನ್ನೂ ಕಲಸಿ ಬೂದಿ ಬಳಿಯಿತು. ಅಲ್ಲಿ ಕ್ಲೋನೇ ಸರಿ ಎಂದು ಕಲಿಯಲು ಒಂದು ರಾತ್ರಿ ಹೋಯಿತು.

ಆಗ ಕಂಡಿತು, ಆ ಹೂ.

ಬೆರಳು ಅಳಿಸಿದ ಖಾಲಿಯ ನಟ್ಟನಡುವೆ, ದ್ವೀಪದಂತೆ, ಒಂದು ಪುಟ್ಟ ಹೂ ಉಳಿದುಕೊಂಡಿತ್ತು. ಸುತ್ತ ಬೆಳ್ಳಿಯ ಬಳೆ, ನಡುವೆ ನುಣ್ಣನೆಯ ಕಪ್ಪು. ಬೆರಳುಗಳ ಸಂದಿಯಲ್ಲಿ ಇಣುಕಿ ನನಗಾಗಿಯೇ ಕಾದ ಹೂ! ಎಡಗಡೆ ಬರೀ ಎಲೆಗಳಿದ್ದವು, ಒಂದೂ ಹೂ ಇರಲಿಲ್ಲ. ಎಂದರೆ ಕಲಾವಿದ ಬಲಗಡೆಗೇ ಒಂದು ಗುಟ್ಟು ಇಟ್ಟಿದ್ದಾನೆ. ನನ್ನ ಮೈ ಜುಮ್ಮೆಂದಿತು. ರಾತ್ರಿ ಒಂದೂವರೆ, ಫ್ಯಾನು ಬಿಸಿಗಾಳಿ ಸುರಿಯುತ್ತಿದೆ, ನಾನು ಬನಿಯನ್ನಿನಲ್ಲಿ ಕೂತು ಬಹಮನಿ ಕಾಲದ ಕುಸುರಿಯೊಡನೆ ಮಾತಾಡುತ್ತಿದ್ದೇನೆ. ಹೂವನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿದೆ. ಆ ದುಂಡು, ಆ ಹೊಳಪು! ಬೆಳ್ಳಿ ಎಳೆಯನ್ನು ಬಳಸಿ ತಂದು ತುದಿಗೆ ತುದಿ ಸೇರಿಸಿದ ಆ ನಾಜೂಕು! ಮಿಕ್ಕ ಬಳ್ಳಿಗಿಂತ ಇದರ ಕೆಲಸ ಒಂದು ಕೈ ಮೇಲೆಂದೇ ಅನ್ನಿಸಿತು. ಅಂಥ ಹೂವನ್ನು ಒಂಟಿಯಾಗಿ ಬಿಡಲು ಮನಸ್ಸಾಗಲಿಲ್ಲ. ಕೊಸೈನು ಲೆಕ್ಕದಲ್ಲಿ ಹಿಂಡಿ ಬಲಗಡೆ ಇನ್ನೆರಡು ನೆಟ್ಟೆ. ಆಗ ಎಡಗಡೆ ಬೋಳಾಗಿ ಕಂಡಿತು. ಅಲ್ಲಿಗೂ ನಾಲ್ಕು ನೆಟ್ಟೆ. ಒಟ್ಟು ಏಳು. ಫೋಟೋದಲ್ಲಿ ನಿಜವಾಗಿ ಕಾಣುತ್ತಿದ್ದ ಅರ್ಧವನ್ನೂ ಹೀಗೆ ನಾನು ಉದ್ಧಾರ ಮಾಡಿದೆ. ಮಲಗುವ ಮುಂಚೆ ಚಿತ್ರವನ್ನು ಬೆಂಕಿಪೊಟ್ಟಣದಷ್ಟು ಕಿರಿದು ಮಾಡಿ, ಕಣ್ಣು ಕಿರಿದು ಮಾಡಿ ನೋಡಿದೆ. ತೇಪೆ ಹಚ್ಚಿದ್ದರೆ ಹಾಗೆ ನೋಡಿದಾಗ ಎದ್ದು ಕಾಣುತ್ತದಂತೆ. ಏನೂ ಕಾಣಲಿಲ್ಲ. ತಿದ್ದಿದ ಜಾಗ ಅತಿ ನುಣುಪಾಗಿ, ಈಗಷ್ಟೇ ಗಡ್ಡ ಬೋಳಿಸಿದ ಕೆನ್ನೆಯಂತಿತ್ತೆಂದು ಮೊಬೈಲ್ ಫೋಟೋಗಳಲ್ಲಿರುವ ಸಣ್ಣ ಮರಳನ್ನೂ ಉದುರಿಸಿದೆ. ಪದರಗಳನ್ನೆಲ್ಲ ಒಂದು ಮಾಡಿ ಉಳಿಸಿ, ಗೆದ್ದವನಂತೆ ಮಲಗಿದೆ.

ಚಾಚಾ ಕಣ್ಣಲ್ಲಿ ನೀರು ತಂದುಕೊಂಡರು. ಅಂಗಡಿಯ ಹುಡುಗನಿಂದ ಚಹಾ ತರಿಸಿದರು. ಚಿತ್ರವನ್ನು ಆನ್‌ಲೈನಿಗೆ ಹಾಕಿ, ಇಂಥವೇ ಇನ್ನೂ ಬೇಕೆಂದು ಬೀದರಿನ ಕುಶಲಕರ್ಮಿಗೂ ಕಳಿಸಿದರು. ಅರ್ಧ ಗಂಟೆಯಲ್ಲಿ ಅವರ ಫೋನು ಬಂತು. ಚಾಚಾ ಹೆಮ್ಮೆಯಿಂದ ಸ್ಪೀಕರಿಗೆ ಹಾಕಿದರು.

"ಬಳ್ಳಿ ನಂದೇ ಅದ. ಈ ಹೂ ಯಾರದ್ರೀ?"

"ನಿಮ್ದೇ ಅಲ್ಲೇನ್ರಿ?" ಎಂದೆ.

"ನಾ ಮಾಡೋ ಹೂವಿಗಿ ಎಸಳ ಇರ್ತಾವ ಸರ್. ಇದಕ್ಕ ಎಸಳೇ ಇಲ್ಲ. ಸುತ್ತ ಬಳಿ ಅದ, ನಡಬರಕ ಕಲ್ಲು ಅದ. ಇದು ಹೂ ಅಲ್ಲ, ಉಂಗುರ ಅದ."

ಅಂಗಡಿಯಲ್ಲಿ ಸೊಳ್ಳೆಯ ಸದ್ದೂ ಇಲ್ಲ. ಚಹಾ ತಂದಿದ್ದ ಹುಡುಗ, ಚಾಚಾನ ಅಕ್ಕನ ಮಗ, ಮೆಲ್ಲಗೆ ಬಲಗೈಯನ್ನು ಬೆನ್ನ ಹಿಂದೆ ಒಯ್ದ. ಬೆಳ್ಳಿ ಉಂಗುರ, ಕರಿ ಕಲ್ಲು. ಚರ್ಮದ ಬಣ್ಣ ಹುಡುಕಿ ಅಳಿಸಿದವನಿಗೆ ಚರ್ಮವಷ್ಟೇ ಅಳಿಸಲು ಸಿಕ್ಕಿತ್ತು. ಕಪ್ಪು ಬೆಳ್ಳಿಯ ಉಂಗುರ ಕಪ್ಪು ಬೆಳ್ಳಿಯ ಸುರಾಹಿಯ ಮೇಲೆ ಆರಾಮಾಗಿ ಕೂತುಬಿಟ್ಟಿತ್ತು. ಅದರ ಆರು ಪ್ರತಿಯನ್ನು ನಾನು ಹೊಟ್ಟೆಯ ಸುತ್ತ ಬಿತ್ತಿದ್ದೆ.

ಕುಶಲಕರ್ಮಿ ನಗಲಿಲ್ಲ. "ಇನ್ನೊಂದು ಮಾತು ಸರ್," ಎಂದರು. "ಬಲಕ್ಕ ಒಂದು ಅರ್ಧ ಎಲಿ ಇತ್ತು. ಬಳ್ಳಿ ಒಂದು ಸುತ್ತು ಬಂದು ಕೂಡೋ ಜಾಗ ಅದು. ನನ್ನ ಲೆಕ್ಕ ತಪ್ಪಿ ಅಲ್ಲಿ ಅರ್ಧ ಎಲಿಯಷ್ಟೇ ಜಾಗ ಉಳದಿತ್ತು. ನೀವು ಪೂರಾ ಎಲಿ ಇಟ್ಟೀರಿ."

ನಾನು ಸುಮ್ಮನಾದೆ. ಸತು, ತಾಮ್ರ ಕರಗಿಸಿ ಎರಕ ಹೊಯ್ದು, ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿ, ಅದರ ಮೇಲೆ ಕೈಯಿಂದಲೇ ಬಳ್ಳಿ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿ ಎಳೆಯನ್ನು ಬಡಿದು ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕಾಯಿಸಿದ ನೀರಲ್ಲಿ ಅದ್ದುತ್ತಾರೆ. ಮಣ್ಣು ಸತುವನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಉಳಿ ಹಿಡಿದವನಿಗೆ ಹಿಂದಕ್ಕೆ ಹೋಗುವ ಗುಂಡಿ ಇಲ್ಲ. ಆ ಸುರಾಹಿಯನ್ನು ಉಳಿದವುಗಳಿಂದ ಬೇರೆಯಾಗಿಸಿದ್ದ ಒಂದೇ ಜಾಗ ಆ ಅರ್ಧ ಎಲೆ. ಪಕ್ಕದ ಎಲೆ ನೋಡಿ ಬಲವನ್ನು ಊಹಿಸಿದ ನನಗೆ ಅದು ಹೊಳೆಯುವ ಸಾಧ್ಯತೆಯೇ ಇರಲಿಲ್ಲ. ರೋಮಿನ ಚಿತ್ರ ಸಂರಕ್ಷಕರು ಹಳೆಯ ಚಿತ್ರದಲ್ಲಿ ಉದುರಿದ ಜಾಗವನ್ನು ಸಣ್ಣ ಸಣ್ಣ ನಿಂತ ಗೆರೆಗಳಿಂದ ತುಂಬುತ್ತಾರೆ. ದೂರದಿಂದ ಚಿತ್ರ ಪೂರ್ತಿ ಕಾಣಬೇಕು, ಹತ್ತಿರ ಬಂದವನಿಗೆ ಇಷ್ಟು ನಮ್ಮದು ಎಂದು ತಿಳಿಯಬೇಕು. ನಾನೋ, ಮರಳು ಉದುರಿಸಿ ತೇಪೆ ಮುಚ್ಚಿದ್ದೆ.

"ಬಲಗಡೆನೇ ಯಾಕ್ ಹಿಡಿದಿದ್ದಿ?" ಎಂದು ಹುಡುಗನನ್ನು ಕೇಳಿದೆ.

"ಅರ್ಧ ಎಲಿ ಕಾಣಬಾರದು, ಅಲ್ಲೇ ಹಿಡಿ ಅಂತ ಮಾಮೂನೇ ಅಂದ್ರು."

ಚಾಚಾ ಚಹಾ ಕಪ್ಪಿನ ತಳವನ್ನು ಬಹಳ ಹೊತ್ತು ನೋಡಿದರು.

ಹೂಗಳನ್ನು ಕಿತ್ತೆ. ಪದರಗಳನ್ನು ಒಂದು ಮಾಡಿಬಿಟ್ಟಿದ್ದರಿಂದ ಮೊದಲಿನಿಂದ ಶುರು, ಮತ್ತೆ ಮೂರು ರಾತ್ರಿ. ಕುಶಲಕರ್ಮಿ ಕಾಗದದ ಮೇಲೆ ಬರೆದು ಕಳಿಸಿದ ಅರ್ಧ ಎಲೆಯನ್ನು ಅದರ ಜಾಗದಲ್ಲೇ ಇಟ್ಟೆ. "ಅರ್ಧ ಸುರಾಹಿ ನೀವು ಮಾಡೀರಿ, ಕೂಲಿನೂ ಅರ್ಧ ತಗೋರಿ" ಎಂದು ಅವರು ಚೇಷ್ಟೆ ಮಾಡಿದರು. ಹೊಸ ಚಿತ್ರ ಅಪ್ಪಟ ಬಿಳಿಯ ಮೇಲೆ, 85 ಪಾಲು ತುಂಬಿ, ಯಾರ ಹಂಗೂ ಇಲ್ಲದೆ ನಿಂತಿತು.

ತಿಂಗಳ ಮೇಲೆ ಚಾಚಾ ಮತ್ತೆ ಮೆಟ್ಟಿಲೇರಿದರು. ಕೈಯಲ್ಲಿ ಒಂದು ಪೆಟ್ಟಿಗೆ, ಮುಖ ಸಣ್ಣದು. ಪುಣೆಯ ಗಿರಾಕಿಯೊಬ್ಬರು ಹೊಸ ಸುರಾಹಿಯನ್ನು ವಾಪಸ್ ಕಳಿಸಿದ್ದರು. ಸೋಫಾದ ಪಕ್ಕ ನೆಲದ ಮೇಲೆ ನಿಲ್ಲಿಸಲು ಎರಡು ಅಡಿಯದು ಎಂದುಕೊಂಡು ತರಿಸಿದ್ದರಂತೆ. ಪೆಟ್ಟಿಗೆ ಬಿಚ್ಚಿದರೆ ಒಂಬತ್ತು ಇಂಚು.

"ಬಿಳಿ ಮ್ಯಾಲ ಒಂದೇ ನಿಂತರ ಎಷ್ಟು ದೊಡ್ಡದು ಅಂತ ಹ್ಯಾಂಗ್ ತಿಳೀತದ್ರಿ? ಎರಡನೇ ಫೋಟೋದಾಗ ಏನರ ಇರಬಹುದಂತ," ಎಂದರು ಚಾಚಾ. ಆಮೇಲೆ ನನ್ನ ಮುಖ ನೋಡದೆ, ಗೋಡೆಯ ಕ್ಯಾಲೆಂಡರು ನೋಡುತ್ತ, "ಸರ್, ಆ ಕೈ ಇಟ್ಟೀರೇನು?"