ಎಡೆದೊರೆ ನಾಡಿನಲ್ಲಿ ರಾಹು–ಕೇತುಗಳ ಅಕ್ಷ: ಒಂದು ಗಂಭೀರ ವಿಚಾರಣೆ

ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ಇವೆರಡರ ನಡುವಿನ ಎಡೆದೊರೆ ನಾಡಿನಲ್ಲಿ ಹುಟ್ಟಿದವರಿಗೆ ಜೀವನದ ಪಾಠ ಎಲ್ಲಿ ಸಿಗುತ್ತದೆ ಎಂಬುದು ಬಹುಕಾಲದಿಂದ ಬಗೆಹರಿಯದ ಪ್ರಶ್ನೆ. ಶಾಲೆಯಲ್ಲಿ ಸಿಗುವುದಿಲ್ಲ ಎಂಬಷ್ಟರ ಮಟ್ಟಿಗೆ ವಿದ್ವಾಂಸರಲ್ಲಿ ಒಮ್ಮತವಿದೆ. ಜನ್ಮಕುಂಡಲಿಯಲ್ಲಿ ರಾಹು ಕೂತ ಮನೆಗೂ ಕೇತು ಕೂತ ಮನೆಗೂ ನಡುವೆ ಗೆರೆ ಎಳೆದರೆ ಆ ಗೆರೆಯ ಮೇಲೆ ಸಿಗುತ್ತದೆ ಎಂಬುದು ಈಚಿನ ಮತ. ಈ ಮತವನ್ನು ಪ್ರಸ್ತುತ ಪ್ರಬಂಧಕಾರರು ರಾಯಚೂರು, ದೇವದುರ್ಗ, ಮಾನ್ವಿ ಈ ಮೂರೂ ಕಡೆ ಪರೀಕ್ಷೆಗೆ ಒಡ್ಡಿದರು. ಮೂರೂ ಕಡೆ ಅದು ಪಾಸಾಯಿತು. ನಮ್ಮ ಆತಂಕ ಶುರುವಾದದ್ದು ಅಲ್ಲಿಂದಲೇ.

ಮೊದಲು ವಿಷಯ. ಪುರಾಣದ ಪ್ರಕಾರ ಅಮೃತ ಗಂಟಲಿಳಿಯುವ ಮೊದಲೇ ಕುತ್ತಿಗೆ ಕಳೆದುಕೊಂಡ ಅಸುರನ ತಲೆ ರಾಹು, ಮುಂಡ ಕೇತು. ಎಷ್ಟು ನುಂಗಿದರೂ ತುಂಬಲು ಹೊಟ್ಟೆಯಿಲ್ಲದ್ದು ಒಂದು, ಹೊಟ್ಟೆಯಿದ್ದರೂ ಬೇಕೆನ್ನಲು ಬಾಯಿಯಿಲ್ಲದ್ದು ಇನ್ನೊಂದು. ಗಣಿತದ ಪ್ರಕಾರ ಇವೆರಡೂ ಗ್ರಹಗಳೇ ಅಲ್ಲ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಆ ಎರಡು ದಾರಿ ಎರಡು ಕಡೆ ಒಂದನ್ನೊಂದು ಕತ್ತರಿಸುತ್ತವೆ. ಚಂದ್ರ ಉತ್ತರಕ್ಕೆ ದಾಟುವ ಬಿಂದು ರಾಹು, ದಕ್ಷಿಣಕ್ಕೆ ದಾಟುವ ಬಿಂದು ಕೇತು. ಹಾಗಾಗಿ ಇವುಗಳ ನಡುವೆ ಯಾವತ್ತೂ 180 ಡಿಗ್ರಿ. ಒಂದು ಮೂರನೇ ಮನೆಯಲ್ಲಿದ್ದರೆ ಇನ್ನೊಂದು ಒಂಬತ್ತರಲ್ಲೇ ಇರಬೇಕು. ಎರಡೂ ಹಿಂದುಹಿಂದಕ್ಕೆ ಸರಿಯುತ್ತ ಒಂದು ರಾಶಿಯಲ್ಲಿ ಒಂದೂವರೆ ವರ್ಷ ಕಳೆದು 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ಗ್ರಹಣಕ್ಕೆ ರಾಹು ಕಾರಣನಲ್ಲ, ನೆರಳು ಕಾರಣ ಎಂದು ವರಾಹಮಿಹಿರ ಆರನೇ ಶತಮಾನದಲ್ಲೇ ಬೃಹತ್ಸಂಹಿತೆಯಲ್ಲಿ ಬರೆದಿಟ್ಟ. ಸುದ್ದಿ ನಮ್ಮ ಕಡೆ ಇನ್ನೂ ಪೂರ್ತಿ ತಲುಪಿಲ್ಲ, ರಸ್ತೆ ಹಾಗಿದೆ.

ಕೇತು ಇರುವ ಮನೆ ಹಿಂದಿನ ಜನ್ಮದಲ್ಲಿ ಅರೆದು ಕುಡಿದ ವಿದ್ಯೆ, ಅದನ್ನು ಬಿಡಬೇಕು. ರಾಹು ಇರುವ ಮನೆ ಈ ಜನ್ಮದ ಹಸಿವು, ಅದನ್ನು ಕಲಿಯಬೇಕು. ಇದು ಅಕ್ಷಪಾಠದ ತಿರುಳು. ಇದನ್ನು ಋಷಿವಾಕ್ಯವೆಂದು ಹೇಳುವ ರೂಢಿಯಿದೆ. ಆದರೆ ನಮ್ಮ ಹಳೆಯ ಗ್ರಂಥಗಳು ರಾಹುವಿನಿಂದ ವಿಷ, ಪರದೇಶ, ಹಾವು, ಅಜ್ಜ, ಗುಟ್ಟಿನ ಶತ್ರು ಇವನ್ನು ನೋಡುತ್ತವೆಯೇ ಹೊರತು ಪಾಠ ಒಪ್ಪಿಸಿಕೊಳ್ಳುವುದಿಲ್ಲ. ಈ ಎರಡು ಬಿಂದುಗಳನ್ನು ಮನುಷ್ಯನ ವ್ಯಕ್ತಿತ್ವ ಬೆಳೆಯುವ ಅಕ್ಷವಾಗಿ ನೋಡಿದವರಲ್ಲಿ ಮುಖ್ಯನಾದವ ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಡೇನ್ ರುದ್ಯಾರ್. ಅವನ ಪುಸ್ತಕ ಬಂದದ್ದು 1936ರಲ್ಲಿ. ಪೂರ್ವಜನ್ಮದ ಒಗ್ಗರಣೆ ಬಿದ್ದ ಮೇಲೆ ಅದು ಹಡಗು ಹತ್ತಿ ಬಂದು ನಮ್ಮಲ್ಲಿ ಸನಾತನವಾಯಿತು.

ಇನ್ನು ದೃಷ್ಟಾಂತ. 1980ರ ಫೆಬ್ರವರಿ 16, ಸಿದ್ಧಾರ್ಥಿ ಸಂವತ್ಸರದ ಮಾಘ ಅಮಾವಾಸ್ಯೆ. ಅವತ್ತಿನ ಖಗ್ರಾಸ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿಯ ಮೇಲೆ ಹಾದು ರಾಯಚೂರು ಸೀಮೆಯನ್ನು ದಾಟಿತು. ಸಿಂಧನೂರು–ಮಾನ್ವಿ ರಸ್ತೆಯ ಜವಳಗೇರಾದಲ್ಲಿ ಭಾರತೀಯ ಖಗೋಳ ಭೌತ ಸಂಸ್ಥೆಯ ವಿಜ್ಞಾನಿಗಳು ಶಿಬಿರ ಹೂಡಿ ದೂರದರ್ಶಕ ನಿಲ್ಲಿಸಿಕೊಂಡು ಕಾದಿದ್ದರು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹಗಲು ಆರಿತು. ಆ ಹೊತ್ತಿನಲ್ಲಿ ಸೂರ್ಯ ಕುಂಭದ 3 ಡಿಗ್ರಿಯಲ್ಲಿ, ಕೇತು ಅದೇ ಕುಂಭದ 6 ಡಿಗ್ರಿಯ ಹತ್ತಿರ, ರಾಹು ಎದುರಿನ ಸಿಂಹದಲ್ಲಿ. ಎಂದರೆ ಇದು ಕೇತುಗ್ರಸ್ತ ಗ್ರಹಣ. ಆ ಗಳಿಗೆಯಲ್ಲಿ ರಾಯಚೂರಿನ ಒಂದು ಮನೆಯಲ್ಲಿ ಕೂಸು ಹುಟ್ಟಿತು ಎಂದು ಪ್ರಬಂಧದ ಸಲುವಾಗಿ ಕಲ್ಪಿಸೋಣ. ಶಾಸ್ತ್ರದ ಗೌರವಕ್ಕಾಗಿ ಅದನ್ನು ‘ಜಾತಕ’ ಎಂದು ಕರೆಯೋಣ. ಮನೆಯವರು ‘ಗ್ರಾಣದಾಗ ಹುಟ್ಟಿದ್ದು’ ಎಂದು ಕರೆಯುತ್ತಾರೆ.

ಹುಟ್ಟಿದ್ದು ಮೂರು ಮುಕ್ಕಾಲಿಗೆ ಎಂದರೆ ಲಗ್ನ ಮಿಥುನ, ಅದೂ 28ನೇ ಡಿಗ್ರಿ, ರಾಶಿಯ ಅಂಚು. ನಾಲ್ಕಕ್ಕೆ ಎಂದರೆ ಲಗ್ನ ಕರ್ಕಾಟಕ. ನಡುವೆ ಕಾಲು ಗಂಟೆ. ಸೂಲಗಿತ್ತಿ ಕಿಟಕಿ ಬಾಗಿಲು ಹಾಕಿ, ಕತ್ತಲಲ್ಲಿ ಚಿಮಣಿ ಹಚ್ಚಿ, ಮಗು ಅತ್ತ ಮೇಲೆ, ಸೆರಗಿಗೆ ಕೈ ಒರೆಸಿಕೊಂಡು ಗಡಿಯಾರದ ಕಡೆ ನೋಡಿದಳು. ಆ ಗಡಿಯಾರಕ್ಕೆ ಕೀಲಿ ಕೊಟ್ಟದ್ದು ಯಾವಾಗ ಎಂಬುದು ಪಂಚಾಂಗದಲ್ಲಿಲ್ಲ.

ಮಿಥುನ ಲಗ್ನವಾದರೆ ರಾಹು ಮೂರನೇ ಮನೆ, ಕೇತು ಒಂಬತ್ತು. ಪಾಠ: ಅಪ್ಪ ಹೇಳಿದ್ದು, ಗುರು ಹೇಳಿದ್ದು ಸಾಕು, ಸ್ವಂತ ಧೈರ್ಯದಿಂದ ಬಾಯಿ ಬಿಡು, ತಮ್ಮಂದಿರೊಡನೆ ಸೇರಿ ಏನಾದರೂ ಮಾಡು. ಕರ್ಕಾಟಕವಾದರೆ ರಾಹು ಎರಡು, ಕೇತು ಎಂಟು. ಪಾಠ: ಪಿತ್ರಾರ್ಜಿತ, ಮಾವನ ಮನೆ ಗಂಟು ಇವಕ್ಕೆ ಆಸೆಪಡಬೇಡ, ನಿನ್ನ ದುಡಿಮೆ ನೀನು ದುಡಿ, ನಾಲಿಗೆ ಬಿಗಿ ಹಿಡಿ. ಗಮನಿಸಿ: ಮೊದಲನೆಯದು ಬಾಯಿ ಬಿಡು ಎನ್ನುತ್ತದೆ, ಎರಡನೆಯದು ನಾಲಿಗೆ ಬಿಗಿ ಹಿಡಿ ಎನ್ನುತ್ತದೆ. ಇವೆರಡರಲ್ಲಿ ಜನ್ಮದ ಗುರಿ ಯಾವುದು ಎಂಬುದು ಆ ಕೀಲಿಯ ಮೇಲಿದೆ.

ಸಮಯ ಸರಿಯಿದ್ದರೂ ಇನ್ನೊಂದು ಸಂಶಯ ಉಳಿಯುತ್ತದೆ. ರಾಹು ಸಿಂಹದಲ್ಲಿ ಇದ್ದದ್ದು 1978ರ ನವೆಂಬರ್‌ನಿಂದ 1980ರ ಜೂನ್ ಆರಂಭದವರೆಗೆ. ಅಷ್ಟರೊಳಗೆ ಹುಟ್ಟಿದ ಪ್ರತಿ ಮಗುವಿಗೂ ರಾಹು ಸಿಂಹ, ಕೇತು ಕುಂಭ. ಮಾನ್ವಿಯ ಯಾವುದೇ ಶಾಲೆಯ ಒಂದು ತರಗತಿಯನ್ನು ತೆಗೆದುಕೊಂಡರೆ ಹೆಚ್ಚುಕಡಿಮೆ ಇಡೀ ಕೋಣೆಗೆ ಒಂದೇ ರಾಶಿಯ ಅಕ್ಷ. ಅವರಲ್ಲಿ ಭೇದ ತೋರಿಸಲು ಇರುವುದು ಲಗ್ನ ಒಂದೇ. ಹನ್ನೆರಡು ಲಗ್ನ, ಅದರಿಂದ ಹನ್ನೆರಡು ಪಾಠ. ಹದಿಮೂರನೇ ಹುಡುಗ ಮೊದಲನೆಯವನನ್ನು ನೋಡಿ ಬರೆದುಕೊಳ್ಳುತ್ತಾನೆ, ಯಥಾಪ್ರಕಾರ.

ದಶೆಯ ಲೆಕ್ಕವೂ ನಮ್ಮ ಜಾತಕನಿಗೆ ಚೆನ್ನಾಗಿ ಕೂಡಿಬರುತ್ತದೆ. ಚಂದ್ರ ಧನಿಷ್ಠಾ ನಕ್ಷತ್ರದ ಕೊನೆಯಲ್ಲಿದ್ದಾನೆ. ಅದರ ಒಡೆಯ ಕುಜ. ಕುಜದಶೆಯ 7 ವರ್ಷದಲ್ಲಿ ಉಳಿದದ್ದು ಒಂದು ವರ್ಷ ಮೂರ್ನಾಲ್ಕು ತಿಂಗಳು. ಅದು ತೀರಿದ ಮೇಲೆ ರಾಹುದಶೆ 18 ವರ್ಷ. ನಡಿಗೆ ಕಲಿತಾಗಿನಿಂದ ಪಿಯುಸಿ ಮುಗಿಯುವ ತನಕ ಹುಡುಗ ರಾಹುವಿನ ಕೈಯಲ್ಲಿ. ಗಣಿತದಲ್ಲಿ ಫೇಲಾದದ್ದು ರಾಹುವಿನಿಂದ. ಪೂರಕ ಪರೀಕ್ಷೆಯಲ್ಲಿ ಪಾಸಾದದ್ದೂ ರಾಹು ಬಿಡುವ ಸಂಧಿಯಿಂದ. ಇಂಥ ಸಿದ್ಧಾಂತ ಕೈಗೆ ಸಿಕ್ಕರೆ ಯಾವ ತಂದೆ ಬಿಟ್ಟಾನು?

ಪೂರ್ವಪಕ್ಷವನ್ನು ಮಂಡಿಸಿದವರು ಜಾತಕನ ತಾಯಿ. ಮಗನಿಗೆ ಹೆಣ್ಣು ನೋಡುವ ಕಾಲಕ್ಕೆ ಅವರು ಆಚಾರ್ಯರೊಬ್ಬರ ಮುಂದೆ ಕುಂಡಲಿ ಬಿಚ್ಚಿದರು. “ಯವ್ವಾ, ಮೂರರಾಗ ರಾಹು ಅದಾನ, ನಿಮ್ಮ ಮಗ ಅಪ್ಪನ ಮಾತು ಕೇಳಂಗಿಲ್ಲ” ಎಂದರು ಆಚಾರ್ಯರು. “ಖರೇ ಐತ್ರಿ, ಬಿಲ್ಕುಲ್ ಕೇಳಂಗಿಲ್ರಿ.” “ನಾಲ್ಕಕ್ಕ ಹುಟ್ಟಿದ್ದಾದ್ರ ರಾಹು ಎರಡಕ್ಕ ಬರ್ತಾನ, ಕೈಯಾಗ ರೊಕ್ಕ ನಿಂದ್ರಂಗಿಲ್ಲ.” “ಅದೂ ಖರೇ ಐತ್ರಿ ಆಚಾರ್ರೆ. ಅದಕ್ಕ ಮದಿವಿ ಮಾಡಾಕ ಹೊಂಟೀವ್ರಿ.” ಆಚಾರ್ಯರು ಪಂಚಾಂಗ ಮುಚ್ಚಿ ಚಹಾ ತರಿಸಿದರು. ಪ್ರಬಂಧಕಾರರ ಅಭಿಪ್ರಾಯದಲ್ಲಿ ಈ ಕ್ಷೇತ್ರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಪ್ರಯೋಗ ನಡೆದಿಲ್ಲ.

ಈಗ ಪ್ರಬಂಧದ ಮೂಲ ಶೋಧಕ್ಕೆ ಬರೋಣ. ಅಕ್ಷ ಮನುಷ್ಯರಿಗೆ ಮಾತ್ರವಲ್ಲ, ತಾಲ್ಲೂಕುಗಳಿಗೂ ಇದೆ. ಮಾನ್ವಿ ರಾಹು, ದೇವದುರ್ಗ ಕೇತು. ಇದಕ್ಕೆ ದಾಸಪರಂಪರೆಯ ಐತಿಹ್ಯವೇ ಆಧಾರ. ಮಾನ್ವಿಯ ಪಂಡಿತ ಶ್ರೀನಿವಾಸಾಚಾರ್ಯರು ವಿಜಯದಾಸರ ಕರೆಯನ್ನು ಅಲಕ್ಷಿಸಿ ಹೊಟ್ಟೆಶೂಲೆಗೆ ಸಿಕ್ಕರು. ಕೊನೆಗೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷ ಅವರಿಗೆ ಧಾರೆಯೆರೆದರು. ಬದುಕಿ ಉಳಿದ ಆಚಾರ್ಯರು ಜಗನ್ನಾಥದಾಸರಾಗಿ ಹರಿಕಥಾಮೃತಸಾರ ಬರೆದರು. ಗೋಪಾಲದಾಸರ ಊರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು. ಕೊಟ್ಟದ್ದು ದೇವದುರ್ಗ, ಪಡೆದದ್ದು ಮಾನ್ವಿ. ತ್ಯಾಗ ಕೇತು, ಬೇಡಿಕೆ ರಾಹು; ತೊಂದರೆ ಬಂದದ್ದೂ ಹೊಟ್ಟೆಗೇ. ಜಗನ್ನಾಥದಾಸರ ಕಾಲ 1728ರಿಂದ 1809 ಎನ್ನುತ್ತಾರೆ. 81ರಲ್ಲಿ 40 ಕಳೆದರೆ 41. ವಿಂಶೋತ್ತರಿಯ 120 ವರ್ಷದಲ್ಲಿ ಆಯುಸ್ಸಿನ ವರ್ಗಾವಣೆಗೆ ಕಲಮು ಇಲ್ಲ. ಕೊಟ್ಟ ನಲವತ್ತು ವರ್ಷ ಕೊಟ್ಟವರ ದಶೆಯಲ್ಲಿ ನಡೆಯಬೇಕೋ ಪಡೆದವರ ದಶೆಯಲ್ಲೋ? ಈ ಪ್ರಶ್ನೆಯನ್ನು ನಾವು ಮುಂದಿನ ಸಂಶೋಧಕರಿಗೆ ಬಿಡುತ್ತೇವೆ. ದಾಸರ ಕಾಲಿಗೆ ಬಿದ್ದೇ ಬಿಡುತ್ತೇವೆ.

ಇಷ್ಟು ಸಿದ್ಧವಾದ ಮೇಲೆ ಮಾನ್ವಿಯ ರೈತರೊಬ್ಬರು ಆಕ್ಷೇಪ ಎತ್ತಿದರು. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಕಡೆ ಬರುತ್ತದೆ. ಯೋಜನೆ ಹಾಕಿದ್ದು ಬಹುಪಾಲು ಕಡಿಮೆ ನೀರಿನ ಬೆಳೆಗೆ. ಮೇಲ್ಭಾಗದವರು ಭತ್ತ ಹಚ್ಚಿದರು, ಕೆಳಭಾಗಕ್ಕೆ ನೀರು ಬರುವುದೇ ದುಸ್ತರವಾಯಿತು. “ತಲಿ ಅಲ್ಲೈತ್ರಿ, ಬಾಲ ಇಲ್ಲೈತ್ರಿ. ನಾವ್ ಹೆಂಗ್ರಿ ರಾಹು ಆಗ್ತೀವಿ?” ಎಂದು ಅವರು ಕೇಳಿದರು. ತೂಬಿನ ಬಳಿ ನಿಂತು ನೋಡಿದೆವು. ತಳದಲ್ಲಿ ಕೆಸರು ಬಿರುಕು ಬಿಟ್ಟಿತ್ತು, ಗೇಟಿನ ತಿರುಪಿಗೆ ಯಾರೋ ಹಗ್ಗ ಕಟ್ಟಿದ್ದರು, ಅಳತೆ ಪಟ್ಟಿಯ ಕೆಳಗಿನ ಅಂಕಿಗಳು ಮಾತ್ರ ಸವೆಯದೆ ಹೊಸದಾಗಿಯೇ ಇದ್ದವು. ಈ ಸಾಕ್ಷ್ಯದ ಮುಂದೆ ಮಾನ್ವಿ ಕೇತುವೇ.

ಸಿದ್ಧಾಂತಕ್ಕೆ ಇದರಿಂದ ಕುಂದುಂಟೆ? ಎಳ್ಳಷ್ಟೂ ಇಲ್ಲ. ಪಡೆದವರಾಗಿ ಮಾನ್ವಿಯವರು ಬಿಡುವುದನ್ನು ಕಲಿಯಬೇಕು. ಪಡೆಯದವರಾಗಿ ಬೇಕೆನ್ನುವುದನ್ನು ಕಲಿಯಬೇಕು. ರಾಹು–ಕೇತುಗಳನ್ನು ಅದಲುಬದಲು ಮಾಡಿ ಓದಿದರೂ ಪಾಠ ಅಚ್ಚುಕಟ್ಟಾಗಿ ಕೂರುತ್ತದೆ, ಏಕೆಂದರೆ ಎದುರುಬದುರಿನ ಎರಡು ಮನೆಗಳ ನಡುವೆ ಎಳೆದಾಟವಿಲ್ಲದ ಬದುಕು ಯಾವ ಓಣಿಯಲ್ಲೂ ಇಲ್ಲ. ತನ್ನದು–ಹೆಂಡತಿಯದು, ಮನೆ–ಕಚೇರಿ, ಸ್ವಂತ ರೊಕ್ಕ–ಸಾಲದ ರೊಕ್ಕ. ಇದನ್ನು ಪರೀಕ್ಷಿಸಬೇಕೆನ್ನುವವರು ಪರಿಚಿತರಿಗೆ ಅವರ ಅಕ್ಷವನ್ನು ತಿರುಗಿಸಿ ಓದಿ ಹೇಳಿ ನೋಡಲಿ. ತಲೆದೂಗುವವರ ಸಂಖ್ಯೆ ಕಡಿಮೆಯಾದರೆ ಪ್ರಬಂಧವನ್ನು ಹಿಂದೆಗೆದುಕೊಳ್ಳುತ್ತೇವೆ.

ಪರಿಹಾರದ ವಿಷಯದಲ್ಲಿ ಮಾತ್ರ ಶಾಸ್ತ್ರ ಖಚಿತವಾಗಿದೆ. ರಾಹುವಿಗೆ ಉದ್ದು, ಕೇತುವಿಗೆ ಹುರಳಿ. ಹೋಮಕ್ಕೆ ರಾಹುವಿಗೆ ಗರಿಕೆ, ಕೇತುವಿಗೆ ದರ್ಭೆ. ಆ ರೈತರಿಗೆ ಹುರಳಿ ದಾನ ಸೂಚಿಸಿದೆವು. ಹುರಳಿಗೆ ನೀರು ಕಮ್ಮಿ ಸಾಕು, ಅದನ್ನೇ ಬಿತ್ತಿದ್ದೇವೆ, ಎಷ್ಟು ಸೇರು ಬೇಕು ಎಂದು ಅವರು ಕೇಳಿದರು.