ಮುಹೂರ್ತ ಮುಗಿಸಿ ಬಂದ ಸೀರೆ

ಮಾಸ್ತಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಸಣ್ಣಕತೆ. ಆ ಊರಿನಲ್ಲೋ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯೋ ಮನೆಯ ಮುಂದಿನ ಕೋಣೆಯಲ್ಲಿ ಹತ್ತಾರು ರೇಷ್ಮೆ ಸೀರೆ ಇಟ್ಟುಕೊಂಡು ಫೋನಿನಲ್ಲೇ ವ್ಯಾಪಾರ ಮಾಡುವವರಿಗೆ ಈಗ ಕತೆಗಳು ಪಾರ್ಸಲ್ಲಿನಲ್ಲೇ ಬರುತ್ತವೆ. ‘ವಾಪಸಿಗೆ ಕಾರಣ’ ಎಂಬಲ್ಲಿ ‘ಬಣ್ಣ ಫೋಟೋದಲ್ಲಿದ್ದ ಹಾಗಿಲ್ಲ’ ಎಂದಿರುತ್ತದೆ. ಬಿಚ್ಚಿ ನೋಡಿದರೆ ಸೆರಗಿನ ಮೇಲೆ ಅಕ್ಷತೆಯ ಅರಿಶಿನ, ಭುಜದ ಹತ್ತಿರ ಪಿನ್ನು ಚುಚ್ಚಿದ ಎರಡು ತೂತು, ನೆರಿಗೆಯ ಕೆಳಗಂಚಿಗೆ ಛತ್ರದ ನೆಲದ ಧೂಳು. ಸೀರೆ ವರಪೂಜೆಯಿಂದ ಬೀಗರೂಟದವರೆಗೆ ಎಲ್ಲವನ್ನೂ ಮುಗಿಸಿಕೊಂಡೇ ಬಂದಿದೆ. ಬಣ್ಣ ಸರಿಯಿಲ್ಲವೆಂಬುದು ಮಾತ್ರ ಎಲೆ ಅಡಿಕೆ ಹಾಕಿಕೊಂಡ ಮೇಲೆ ಹೊಳೆದಿದೆ. ಇದು ಉಟ್ಟು ಮರಳಿಸುವವರ ಜಾತಿ. ಇನ್ನೊಂದು ಜಾತಿಯವರು ಇನ್ನೂ ಜಾಣರು. ರೇಷ್ಮೆ ಸೀರೆ ಅವರ ಬೀರುವಿನಲ್ಲೇ ಉಳಿಯುತ್ತದೆ. ಅದೇ ಬಣ್ಣದ ಪಾಲಿಯೆಸ್ಟರ್ ಸೀರೆ ಅದರ ಹೆಸರು ಹೇಳಿಕೊಂಡು ವಾಪಸ್ ಬರುತ್ತದೆ.

ಇದೆಲ್ಲ ಬಡ ವ್ಯಾಪಾರಿಗಳ ಸಂಶಯ ಅಷ್ಟೇ ಎನ್ನುವವರಿದ್ದಾರೆ. 2017ರಲ್ಲಿ ಬೆಂಗಳೂರಿನ ಪೊಲೀಸರು ಅಮೆಜಾನಿಗೆ ವಂಚಿಸಿದ ಆರೋಪದ ಮೇಲೆ ಒಬ್ಬ ಮಹಿಳೆಯನ್ನು ಬಂಧಿಸಿದರು. ದುಬಾರಿ ಮೊಬೈಲು, ಕ್ಯಾಮೆರಾ ತರಿಸಿಕೊಂಡು, ವಾಪಸ್ ಎಂದು ಹೇಳಿ, ಅಗ್ಗದ ನಕಲಿ ಸಾಮಾನನ್ನು ತುಂಬಿ ಕಳಿಸುತ್ತಿದ್ದರು ಎಂಬುದು ಆರೋಪ. ನೂರಕ್ಕೂ ಹೆಚ್ಚು ಸಾಮಾನು, ಸುಮಾರು 70 ಲಕ್ಷ ರೂಪಾಯಿ ಲೆಕ್ಕ. ಗೋದಾಮು, ಕ್ಯಾಮೆರಾ, ವಕೀಲರು ಎಲ್ಲ ಇದ್ದ ಕಂಪನಿಗೇ ಎಚ್ಚರವಾಗುವ ಹೊತ್ತಿಗೆ ಎಣಿಕೆ ನೂರು ದಾಟಿತ್ತು. ಹೀಗಿರುವಾಗ ಒಂದೇ ಮೇಜು, ಒಂದು ಟೇಪಿನ ಸುರುಳಿ ಇಟ್ಟುಕೊಂಡವರು ಏನು ಮಾಡಬೇಕು? ಕಳ್ಳನನ್ನು ಹಿಡಿಯುವ ಆಸೆಯನ್ನು ಮೊದಲು ಬಿಡಬೇಕು. ವಾಪಸ್ ಬಂದ ಮೇಲೆ ಮಾಡುವ ಗಲಾಟೆಗೆ ಕಿಮ್ಮತ್ತು ಕಡಿಮೆ. ಮಾರುವವರು ಸೋಲುವುದು ಗಿರಾಕಿ ಸುಳ್ಳು ಹೇಳಿದ್ದರಿಂದಲ್ಲ, ತಾವು ಕಳಿಸಿದ್ದು ಇದೇ ಸೀರೆಯಲ್ಲ ಎಂದು ತೋರಿಸಲು ಕೈಯಲ್ಲಿ ಏನೂ ಇಲ್ಲದ್ದರಿಂದ. ಆದ್ದರಿಂದ ರಕ್ಷಣೆಯ ಕೆಲಸವೆಲ್ಲ ಸೀರೆ ಮನೆ ಬಿಡುವ ಮುಂಚೆ ನಡೆಯಬೇಕಾದದ್ದು.

ಉಟ್ಟು ಮರಳಿಸುವವರಿಗೆ ಮದ್ದು ಸುಲಭ. ವಿಸಿಟಿಂಗ್ ಕಾರ್ಡಿನಷ್ಟು ದೊಡ್ಡದಾದ, ನಂಬರ್ ಇರುವ ಟ್ಯಾಗನ್ನು ಸೆರಗಿನ ತುದಿಯ ನಡುವೆ, ಕತ್ತರಿಸದೆ ಬಿಚ್ಚಲಾಗದ ಲಾಕ್ ದಾರದಿಂದ ಹಾಕಬೇಕು. ‘ಈ ಟ್ಯಾಗ್ ಇದ್ದರೆ ಮಾತ್ರ ವಾಪಸ್’ ಎಂದು ಅದರ ಮೇಲೆ ದಪ್ಪಕ್ಷರದಲ್ಲಿರಲಿ, ಮಾರಾಟದ ಪುಟದಲ್ಲೂ ಇರಲಿ. ಜಾಗದ ಆಯ್ಕೆಯಲ್ಲೇ ಎಲ್ಲ ಇರುವುದು. ಒಳ ಮಡಿಕೆಯಲ್ಲಿ ಟ್ಯಾಗ್ ಹಾಕಿದರೆ ಅದು ಸೊಂಟದಲ್ಲಿ ಸಿಕ್ಕಿಸಿಕೊಂಡು ಹಾಯಾಗಿ ಮದುವೆಗೆ ಹೋಗಿ ಬರುತ್ತದೆ. ಸೆರಗಿನ ತುದಿಯಲ್ಲಿದ್ದರೆ ಬೆನ್ನ ಮೇಲೆ ತೂಗಾಡಿ ಮದುವೆಯ ಫೋಟೋದಲ್ಲೆಲ್ಲ ನಂಬರ್ ಸಮೇತ ಬೀಳುತ್ತದೆ. ಬ್ಲೌಸ್ ಪೀಸನ್ನು ಸೀರೆಯಿಂದ ಕತ್ತರಿಸದೆ ಕಳಿಸುವುದೂ ಒಳ್ಳೆಯದು. ಬ್ಲೌಸ್ ಹೊಲಿಸಿಕೊಂಡವರು, ಫಾಲ್ ಹಾಕಿಸಿಕೊಂಡವರು ಬಣ್ಣದ ಮಾತೆತ್ತುವ ಮುಂಚೆ ಒಂದು ಕ್ಷಣ ಯೋಚಿಸುತ್ತಾರೆ. ಫಾಲ್ ಬಿಚ್ಚಿ ಕಳಿಸಿದರೂ ಕೆಳಗಂಚಿನಲ್ಲಿ ಸೂಜಿಯ ತೂತುಗಳ ಸಾಲು ಉಳಿದಿರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು.

ಬದಲಿಸುವವರ ವಿಷಯದಲ್ಲಿ ಟ್ಯಾಗ್ ಸಾಲದು. ರೇಷ್ಮೆ ಮಂಡಳಿಯ ವ್ಯವಸ್ಥೆಯಲ್ಲಿ 2004ರಿಂದ ಇರುವ ಸಿಲ್ಕ್ ಮಾರ್ಕ್ ಚೀಟಿಯೂ ಒಂಟಿಯಾಗಿ ಸಾಲದು. ಚೀಟಿಯನ್ನು ಬಿಚ್ಚಿ ಪಾಲಿಯೆಸ್ಟರಿಗೆ ಕಟ್ಟಿದರೆ ವಾಪಸ್ ಬಂದದ್ದು ಅಸಲಿ ಚೀಟಿ ಎಂದಷ್ಟೇ ಸಾಬೀತಾಗುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಗ್ರಾಂ ಲೆಕ್ಕದ ತಕ್ಕಡಿ. ಒಂದು ಸೀರೆ ಬರಿಯದಾಗಿ 640 ಗ್ರಾಂ, ಕವರು ಸಮೇತ 690 ಗ್ರಾಂ ಇದೆ ಎಂದಿಟ್ಟುಕೊಳ್ಳಿ. ಎರಡನ್ನೂ ಬಿಲ್ಲಿನ ಮೇಲೆ ಬರೆದು, ತಕ್ಕಡಿಯ ಅಂಕಿ ಕಾಣುವಂತೆ ಫೋಟೋ ತೆಗೆಯಬೇಕು. ಜೊತೆಗೆ ಸೆರಗು ಮೈಗೆ ಕೂಡುವ ಜಾಗದ ಹತ್ತಿರದ ಫೋಟೋ ಒಂದು. ಕೈಮಗ್ಗದ ಸೀರೆಯಲ್ಲಿ ದಾರದ ಗಂಟು, ಅಂಚಿನ ಸಣ್ಣ ಸೊಟ್ಟ ಇವು ಎರಡು ಸೀರೆಯಲ್ಲಿ ಒಂದೇ ಕಡೆ ಬೀಳುವುದಿಲ್ಲ. ವಾಪಸ್ ಬಂದ ಸೀರೆ 455 ಗ್ರಾಂ ತೂಗಿತು, ಗಂಟೂ ಕಾಣೆಯಾಗಿದೆ ಎಂದರೆ ವಾದ ಮುಗಿದ ಹಾಗೆಯೇ. ಆದರೆ 625 ಗ್ರಾಂ ಬಂದಿತೆಂದು ಕೂಗಾಡಬಾರದು. ರೇಷ್ಮೆ ಗಾಳಿಯ ತೇವವನ್ನು ಹೀರುತ್ತದೆ, ಸಾಮಾನ್ಯ ಹವೆಯಲ್ಲಿ ಒಣತೂಕದ ಸುಮಾರು ಶೇಕಡಾ 11ರಷ್ಟು. ಮಳೆಗಾಲದಲ್ಲಿ ಕಳಿಸಿದ್ದು ಬಿಸಿಲಲ್ಲಿ ವಾಪಸ್ ಬಂದರೆ ಹತ್ತಿಪ್ಪತ್ತು ಗ್ರಾಂ ತಾನಾಗಿಯೇ ಇಳಿದೀತು. ಅದು ಗಿರಾಕಿಯ ಕಳ್ಳತನವಲ್ಲ, ಹವಾಮಾನದ್ದು. ಇನ್ನು ಅಂಚಿನ ದಾರ ಸುಟ್ಟು ನೋಡುವ ಹಳೆಯ ಪರೀಕ್ಷೆ ಇದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪರೀಕ್ಷೆ ಸರಿಯೇ, ಆದರೆ ವಿಡಿಯೋ ತೆಗೆದು ದೂರು ಕೊಡುವ ಮುಂಚೆ ಕಡ್ಡಿ ಗೀರಬೇಡಿ; ಆಮೇಲೆ ಸೀರೆ ಹಾಳು ಮಾಡಿದವರು ನೀವೇ ಆಗುತ್ತೀರಿ.

ವಾಪಸ್ ಬಂದದ್ದನ್ನು ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಪಾರ್ಸಲ್ ತಂದ ಹುಡುಗನಿಗೆ ಇನ್ನೂ ನಾಲ್ಕು ಊರು ಸುತ್ತುವ ಅವಸರ, ಒಟಿಪಿ ಬೇಗ ಹೇಳಿ ಅನ್ನುತ್ತಾನೆ. ಅವನಿಗೆ ಒಟಿಪಿ ಹೇಳುವ ಮುಂಚೆ ಕವರು ಹರಿದಿದೆಯೇ, ಮೇಲೆ ಬೇರೆ ಟೇಪು ಇದೆಯೇ ಎಂದು ನೋಡಿ. ಆಮೇಲೆ ವಿಡಿಯೋ ನಡುವೆ ನಿಲ್ಲಿಸದೆ, ಪಾರ್ಸಲ್ಲಿನ ಎಲ್ಲ ಮಗ್ಗುಲು, ಲೇಬಲ್ಲಿನ ನಂಬರ್, ತಕ್ಕಡಿಯ ಅಂಕಿ ತೋರಿಸಿ ಕತ್ತರಿ ಹಾಕಬೇಕು. ನಡುವೆ ಕಟ್ ಆದರೆ ‘ಆಗಲೇ ನೀವು ಬದಲಿಸಿದಿರಿ’ ಎಂಬ ಉತ್ತರ ಬರುತ್ತದೆ. ಆ ವಿಡಿಯೋ ಇಟ್ಟುಕೊಂಡು ಪರಿಹಾರ ಕೇಳುವುದಕ್ಕೆ ಅಮೆಜಾನಿನಲ್ಲಿ ಸೇಫ್-ಟಿ ಕ್ಲೇಮ್ ಎನ್ನುತ್ತಾರೆ. ಬೇರೆ ಕಂಪನಿಗಳದ್ದು ಬೇರೆ ಹೆಸರು. ಗಡುವು ಎಲ್ಲೆಡೆ ದಿನಗಳ ಲೆಕ್ಕದ್ದು. ಹಬ್ಬ ಮುಗಿಯಲಿ, ಒಟ್ಟಿಗೆ ಬಿಚ್ಚೋಣ ಎಂದು ಮಂಚದ ಕೆಳಗೆ ಪಾರ್ಸಲ್ ತಳ್ಳಿದವರಿಗೆ ಹಣವೂ ಅಲ್ಲೇ ಉಳಿಯುತ್ತದೆ.

ಗಿರಾಕಿ ದೇವರು, ದೇವರ ಮೇಲೆ ಕ್ಯಾಮೆರಾ ಹಿಡಿಯುವುದೇ ಎಂದು ಕೇಳುವವರಿದ್ದಾರೆ. ನಮ್ಮ ದೇವಸ್ಥಾನಗಳಲ್ಲಿ ಹುಂಡಿಗೆ ಬೀಗ ಹಾಕಿರುವುದನ್ನು ಅವರು ನೋಡಿಲ್ಲವೆಂದು ಕಾಣುತ್ತದೆ. ನಿಜವಾಗಿ ಈ ವಿಡಿಯೋ ಗಿರಾಕಿಯನ್ನೂ ಕಾಯುತ್ತದೆ. ಬದಲಾದ ಸಾಮಾನಿನಲ್ಲಿ ಎಷ್ಟೋ ಸಲ ತಪ್ಪು ಗಿರಾಕಿಯದಲ್ಲ; ಮಾಲೂರಿನ ಆರ್ಡರು ಮುಳಬಾಗಿಲಿಗೆ ಹೋಗಿರುತ್ತದೆ, ಅಥವಾ ಗೋದಾಮಿನಲ್ಲಿ ಎರಡು ವಾಪಸ್ಸುಗಳ ಲೇಬಲ್ ಅದಲುಬದಲಾಗಿರುತ್ತದೆ. ಪ್ಯಾಕ್ ಮಾಡುವಾಗಲೂ ಒಂದು ವಿಡಿಯೋ ತೆಗೆದಿಟ್ಟಿದ್ದು ಅದನ್ನು ನೋಡಿದರೆ ಗಿರಾಕಿಯನ್ನು ಬಯ್ಯುವ ಮೊದಲೇ ಗೊತ್ತಾಗುತ್ತದೆ. ಇನ್ನು ‘ವಾಪಸ್ಸೇ ಇಲ್ಲ’ ಎಂದು ಬೋರ್ಡು ಹಾಕಿಬಿಡೋಣ ಎನ್ನುವ ಶೂರರ ಮಾತನ್ನು ಕಾನೂನು ಒಪ್ಪುವುದಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸಾಮಾನು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಹೇಳಿದ ಹಾಗಿಲ್ಲದಿದ್ದರೆ ವಾಪಸ್ ಪಡೆಯಲೇಬೇಕು. ಮನಸ್ಸು ಬದಲಾದದ್ದಕ್ಕೆ ಆ ಕಟ್ಟುಪಾಡಿಲ್ಲ. ಹಾಗಾಗಿ ಬಣ್ಣದ ಫೋಟೋ ಹಗಲು ಬೆಳಕಿನಲ್ಲೇ ತೆಗೆಯಬೇಕು. ಬಲ್ಬಿನ ಕೆಳಗೆ ಹಳದಿಯಾದ ಫೋಟೋ ಹಾಕಿದವರಿಗೆ ‘ಬಣ್ಣ ಹಾಗಿಲ್ಲ’ ಎಂಬ ಮಾತು ಸುಳ್ಳೆಂದು ವಾದಿಸುವ ಹಕ್ಕಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ಕ್ಲೇಮುಗಳು ತಿರಸ್ಕಾರವಾಗುತ್ತವೆ. ಬೇಕೆಂದೇ ಬದಲಿಸಿದ್ದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಅದಕ್ಕೇ ಇದೆ. ಆದರೆ ಎರಡು ಸಾವಿರದ ಸೀರೆಗೆ ಠಾಣೆ ಹತ್ತಿಳಿದರೆ ಬಸ್ ಚಾರ್ಜೂ ಹೋಗಿ ಅರ್ಧ ದಿನದ ವ್ಯಾಪಾರವೂ ಹೋಗುತ್ತದೆ. ಇಪ್ಪತ್ತು ಸಾವಿರದ್ದಾದರೆ ಲೆಕ್ಕ ಬೇರೆ. ನನ್ನ ಪ್ರಕಾರ ಅಂಥ ದುಬಾರಿ ಸೀರೆಯನ್ನು ಸುಲಭದ ವಾಪಸ್ಸಿನ ಅಂಗಡಿಗಳಲ್ಲಿ ಇಡುವುದೇ ಬೇಡ. ವಿಡಿಯೋ ಕಾಲಿನಲ್ಲಿ ಅಂಚು ಸೆರಗು ಎಲ್ಲ ತೋರಿಸಿ, ತೂಕ ಹೇಳಿ, ಯುಪಿಐಯಲ್ಲಿ ಹಣ ಪಡೆದು, ನೇರವಾಗಿ ಕಳಿಸಿ. ಅಗ್ಗದವುಗಳ ಬೆಲೆಯಲ್ಲಿ ಮಾತ್ರ, ಸಾಗಣೆಯ ಖರ್ಚಿನ ಪಕ್ಕದಲ್ಲೇ, ವರ್ಷಕ್ಕೆ ಒಂದೆರಡು ಸೀರೆ ಬಿಟ್ಟಿಯಾಗಿ ಮದುವೆಗೆ ಹೋಗಿಬರುವ ಖರ್ಚನ್ನೂ ಸೇರಿಸಿಕೊಳ್ಳಿ. ಮುಯ್ಯಿ ಹಾಕಿದ್ದೆಂದು ಬರೆದುಕೊಂಡರೂ ಆಯಿತು.