ಪ್ರೂಫ್ ರಾಯರು

ಕಾಲೇಜಿನ ದಾಖಲಾತಿ ಕೌಂಟರಿನಲ್ಲಿ ಇವರೊಬ್ಬರು ಇದ್ದೇ ಇರುತ್ತಾರೆ. ಕನ್ನಡಕ ಮೂಗಿನ ತುದಿಗೆ, ಪೆನ್ನು ಕಿವಿಯ ಸಂದಿಗೆ, ಬಾಯಲ್ಲಿ ಒಂದೇ ಮಾತು: "ಇದಕ್ಕೆ ಪ್ರೂಫ್?" ಹೆಸರೇನೋ ಗೊತ್ತಿಲ್ಲ, ನಮ್ಮನೆಯಲ್ಲಿ ಅವರು ಪ್ರೂಫ್ ರಾಯರು.

ಮಗ ಪಿಯುಸಿ ಮುಗಿಸಿದ್ದು 2022ರಲ್ಲಿ, ಬಿ.ಎಸ್ಸಿ.ಗೆ ಹೊರಟಿದ್ದು 2024ರಲ್ಲಿ. ನಡುವಿನ ಎರಡು ವರ್ಷಕ್ಕೆ ಗ್ಯಾಪ್ ಅಫಿಡವಿಟ್ ತನ್ನಿ ಎಂದರು. ಕೋರ್ಟಿನ ಎದುರು ಅವನ ಹೆಸರಲ್ಲಿ ನೂರು ರೂಪಾಯಿಯ ಇ-ಸ್ಟಾಂಪ್ ಪೇಪರ್ ತೆಗೆಸಿ ಟೈಪಿಸ್ಟ್ ಮುಂದೆ ಕೂತೆವು. ಆತನ ಬಳಿ ಮಾದರಿ ಸಿದ್ಧವಿತ್ತು, ಹೆಸರು ಬದಲಿಸಿದರೆ ಮುಗಿಯಿತು. ಹಾಗಾಗಿಯೇ ಮೊದಲ ಕರಡಿನಲ್ಲಿ ನನ್ನ ಮಗ "ಮದುವೆಯಾಗಿ ಗಂಡನ ಮನೆಗೆ ಹೋದ ಕಾರಣ" ಓದು ಬಿಟ್ಟಿದ್ದ. ಪುಣ್ಯಕ್ಕೆ ಅದು ಬಿಳಿ ಹಾಳೆ. ತಿದ್ದಿಸಿ, ನೋಟರಿಯ ಮುಂದೆ ಸಹಿ ಹಾಕಿಸಿ, ಸೀಲು ಒತ್ತಿಸಿಕೊಂಡು ಮದುವೆ ದಿಬ್ಬಣದಂತೆಯೇ ಬಂದೆವು.

ರಾಯರು ಬೆರಳು ಮಡಚಿ ತಿಂಗಳು ಎಣಿಸಿದರು. "ಜೂನ್ 2022ರಿಂದ ಮೇ 2023, ನೀಟ್ ತಯಾರಿ. ಆಗಸ್ಟ್‌ನಿಂದ ತಂದೆಯ ಆರೈಕೆ. ಜೂನ್, ಜುಲೈ ಎಲ್ಲಿದ್ದ?"

"ರಿಸಲ್ಟ್ ನೋಡ್ಕೊಂಡು ಮನೇಲೇ ಇದ್ದ ಸಾರ್."

"ಪ್ರೂಫ್?"

ಮನೆಯಲ್ಲಿ ಮಲಗಿದ್ದಕ್ಕೆ ರಸೀದಿ ಕೊಡುವವರು ಯಾರು? ಸಿಟ್ಟಿನಲ್ಲಿ ಬಸ್‌ಸ್ಟಾಂಡಿನವರೆಗೂ ಅವರ ವಂಶವನ್ನೆಲ್ಲ ನೆನೆದೆ. ಆಮೇಲೆ ಹೊಳೆಯಿತು: ಹುಡುಗ ಬೇರೆಲ್ಲೋ ಸೇರಿ, ಬಿಟ್ಟು, ಅದನ್ನು ಮುಚ್ಚಿಟ್ಟು ಬಂದಿದ್ದಾನೇನೋ ಎಂಬುದೇ ಅವರ ಗುಮಾನಿ. "ಈ ಅವಧಿಯಲ್ಲಿ ಬೇರೆ ಯಾವ ಕೋರ್ಸಿಗೂ ಸೇರಿರುವುದಿಲ್ಲ" ಎಂಬ ಸಾಲೇ ನಮ್ಮ ಅಫಿಡವಿಟ್ಟಿನಲ್ಲಿ ಇರಲಿಲ್ಲ. ಮತ್ತೆ ನೂರು ರೂಪಾಯಿ, ಮತ್ತೆ ನೋಟರಿ. ಈ ಸಲ ಒಂದು ತಿಂಗಳೂ ಸೋರದಂತೆ ದಿನಾಂಕ ಜೋಡಿಸಿ, ಆ ಸಾಲು ಸೇರಿಸಿ, ಬೆನ್ನಿಗೆ ಮೂಲ ಟಿ.ಸಿ., ನೀಟ್ ಪ್ರವೇಶಪತ್ರ, ಕೋಚಿಂಗ್ ರಸೀದಿ ಇಟ್ಟೆ. ಜೂನ್, ಜುಲೈಗೆ ಟಿ.ಸಿ.ಯೇ ಸಾಕೆಂದರು.

ಉಳಿದದ್ದು ಎರಡನೆಯ ವರ್ಷ. ಅದು ನನ್ನದೇ ಕೃಪೆ. ತೆಂಗಿನಕಾಯಿ ಕೀಳಿಸಲು ಆಳು ಬರಲಿಲ್ಲವೆಂದು ಐವತ್ತೆಂಟರಲ್ಲಿ ಏಣಿ ಹತ್ತಿ ತೊಡೆಮೂಳೆ ಮುರಿದುಕೊಂಡವನು ನಾನು. ಡಿಸ್ಚಾರ್ಜ್ ಸಮ್ಮರಿ ಕೊಟ್ಟೆ.

"ಇದರಲ್ಲಿ ನಿಮ್ಮ ಹೆಸರಿದೆ ಯಜಮಾನ್ರೇ. ನೋಡಿಕೊಂಡವನು ಇವನೇ ಅನ್ನೋದಕ್ಕೆ?"

ನಾನು ಬಾಯಿ ತೆರೆಯುವ ಮೊದಲೇ ಮಗ ಪರ್ಸಿನಿಂದ ಮಡಚಿ ಸವೆದ ಹಳದಿ ಚೀಟಿ ತೆಗೆದ. ಆಸ್ಪತ್ರೆಯ ಅಟೆಂಡರ್ ಪಾಸ್. ಅವನ ಹೆಸರು, ನನ್ನ ವಾರ್ಡು, ಮಂಚದ ನಂಬರು. ಅದನ್ನು ಅವನು ಯಾಕೆ ಇಟ್ಟುಕೊಂಡಿದ್ದನೋ, ನಾನು ಕೇಳಲಿಲ್ಲ.

ರಾಯರು ಪಾಸನ್ನು ಹಿಂದೆ ಮುಂದೆ ನೋಡಿದರು. ಜೆರಾಕ್ಸ್ ಕೇಳಲಿಲ್ಲ. ಫೈಲಿನಲ್ಲಿದ್ದ ನನ್ನ ಎಕ್ಸ್‌ರೇ ಎಳೆದು ಕಿಟಕಿಯ ಬೆಳಕಿಗೆ ಹಿಡಿದು, ರಾಡು ಕಂಡಲ್ಲಿ ಬೆರಳಿಟ್ಟು ಕೇಳಿದರು:

"ಈಗ ಮೆಟ್ಟಿಲು ಹತ್ತೋಕಾಗುತ್ತಾ?"

"ಆಗುತ್ತೆ ಸಾರ್," ಎಂದೆ. "ಪ್ರೂಫ್ ಬೇಕಾ?"

"ಬೇಡ. ಫೀಸ್ ಕೌಂಟರ್ ಮೂರನೇ ಮಹಡಿಯಲ್ಲಿದೆ. ಹುಡುಗನೇ ಹೋಗಿ ಬರಲಿ, ನೀವು ಇಲ್ಲೇ ಕೂತಿರಿ."